ಆ್ಯಪ್ ಬಂದ್ ಆದರೆ ಚಟವೂ ಬಂದ್ ಆಗುತ್ತದಾ? ಫೋನು, ಹಾಸಿಗೆ ಮತ್ತು ಹನ್ನೆರಡು ವಾರದ ಒಂದು ಲೆಕ್ಕ

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಶ್ಲೀಲ ದೃಶ್ಯ ತೋರಿಸುತ್ತಿದ್ದ 25 ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಬಂದ್ ಮಾಡಲು ಆದೇಶಿಸಿತು. ಇದೇನು ಮೊದಲ ಸಲವಲ್ಲ. 2015ರ ಆಗಸ್ಟ್‌ನಲ್ಲಿ 857 ವೆಬ್‌ಸೈಟ್ ಮುಚ್ಚಿಸಿ, ಗಲಾಟೆ ಆದ ಮೇಲೆ ಕೆಲವೇ ದಿನಗಳಲ್ಲಿ ಆದೇಶ ಸಡಿಲಿಸಿದ್ದರು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿದ ಮೇಲೆ 827 ವೆಬ್‌ಸೈಟ್ ಮುಚ್ಚಿದವು. ಪ್ರತಿ ಸಲವೂ ಸುದ್ದಿಯ ಹಿಂದೆಯೇ ಅದೇ ಚರ್ಚೆ ಬರುತ್ತದೆ. ಪೋರ್ನ್ ನೋಡುವುದು ಕಾಯಿಲೆಯೇ? ನೋಡಿದರೆ ಗಂಡಸುತನ ಹೋಗುತ್ತದಾ? ಬಿಟ್ಟರೆ ವಾಪಸ್ ಬರುತ್ತದಾ? ಒಬ್ಬ ಡಾಕ್ಟರ್ ಹೌದು ಅಂತಾರೆ, ಇನ್ನೊಬ್ಬರು ಅದೆಲ್ಲ ಸುಮ್ನೆ ಭಯ ಅಂತಾರೆ. ಓದುವವರಿಗೆ ತಲೆ ಕೆಡುವುದು ಸಹಜ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ವಯಸ್ಕರು ತಮ್ಮ ಮನೆಯಲ್ಲಿ ಖಾಸಗಿಯಾಗಿ ನೋಡುವುದೇ ಅಪರಾಧ ಅಂತ ನಮ್ಮ ಕಾನೂನು ಹೇಳುವುದಿಲ್ಲ. ಹಂಚುವುದು, ಪ್ರಕಟಿಸುವುದು ಅಪರಾಧ. ಮಕ್ಕಳ ಲೈಂಗಿಕ ದೃಶ್ಯಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅಂಥದ್ದನ್ನು ಫೋನಿನಲ್ಲಿ ಇಟ್ಟುಕೊಂಡರೂ ಪೋಕ್ಸೊ ಕೇಸ್ ಆಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಈ ಲೇಖನ ಕಾನೂನಿನ ಬಗ್ಗೆ ಅಲ್ಲ. ಬಿಡಬೇಕು ಅಂದುಕೊಂಡರೂ ಬಿಡಲಾಗದೆ, ಸಂಗಾತಿಯ ಜೊತೆ ದೇಹ ಸ್ಪಂದಿಸದೆ ಒದ್ದಾಡುವವರ ಬಗ್ಗೆ.

ಕಾಯಿಲೆಯೋ, ಚಟವೋ, ಬರೀ ಪಾಪಪ್ರಜ್ಞೆಯೋ

ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿ ಇಡುತ್ತದೆ. ಅದರ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಲೈಂಗಿಕ ವರ್ತನೆ ಕೈ ಮೀರಿ ಹೋಗುವುದನ್ನು ಅದರಲ್ಲಿ ಮೊದಲ ಬಾರಿಗೆ ಒಂದು ತೊಂದರೆ ಎಂದು ಸೇರಿಸಿದರು. ಆದರೆ ಕುಡಿತ, ಜೂಜು ಇರುವ ಚಟಗಳ ಸಾಲಿನಲ್ಲಿ ಅಲ್ಲ. ಒಳಗಿನ ತುಡಿತ ತಡೆಯಲಾಗದ ತೊಂದರೆಗಳ ಸಾಲಿನಲ್ಲಿ. ಅಮೆರಿಕದ ಮನೋವೈದ್ಯರ ಪಟ್ಟಿ 2013ರಲ್ಲಿ ಇಂಥದ್ದೇ ಒಂದು ಪ್ರಸ್ತಾವವನ್ನು ಕೈಬಿಟ್ಟಿತ್ತು. ಅಂದರೆ ದೊಡ್ಡವರಲ್ಲೇ ಒಮ್ಮತ ಇಲ್ಲ.

ಆರೋಗ್ಯ ಸಂಸ್ಥೆಯ ವಿವರಣೆಯಲ್ಲಿ ಗಮನಿಸಬೇಕಾದ ಎರಡು ಮಾತಿವೆ. ಒಂದು, ಎಷ್ಟು ಸಲ ನೋಡುತ್ತೀರಿ ಎಂಬುದು ಅಳತೆಯಲ್ಲ. ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬಿಡಲು ಹೋಗಿ ಸೋಲುತ್ತಿರಬೇಕು. ಕೆಲಸ, ನಿದ್ದೆ, ಸಂಬಂಧ ಹಾಳಾಗುತ್ತಿದ್ದರೂ ನಿಲ್ಲಿಸಲಾಗದೆ ಇರಬೇಕು. ಎರಡನೆಯದು, ‘ನಾನು ಪಾಪ ಮಾಡುತ್ತಿದ್ದೇನೆ’ ಎಂಬ ಸಂಕಟ ಒಂದೇ ಇದ್ದರೆ ಅದನ್ನು ಕಾಯಿಲೆ ಅನ್ನುವ ಹಾಗಿಲ್ಲ.

ಈ ಎರಡನೆಯ ಮಾತಿನ ಹಿಂದೆ ಸಾಕಷ್ಟು ಸಂಶೋಧನೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಶುವಾ ಗ್ರಬ್ಸ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ನೋಡುವುದು ತಪ್ಪು ಎಂದು ಬಲವಾಗಿ ನಂಬಿದವರು, ನಿಜವಾಗಿ ನೋಡುವುದು ಕಡಿಮೆ ಇದ್ದರೂ ತಮಗೆ ಚಟ ಅಂಟಿದೆ ಎಂದು ಹೇಳಿಕೊಳ್ಳುವುದು ಜಾಸ್ತಿ. ತಿಂಗಳಿಗೆ ಎರಡು ಸಲ ನೋಡಿ ರಾತ್ರಿಯೆಲ್ಲ ಕೊರಗುವವನಿಗೆ ಬೇಕಾದದ್ದು ಚಟ ಬಿಡಿಸುವ ಚಿಕಿತ್ಸೆಯಲ್ಲ, ಆ ಕೊರಗಿನ ಬಗ್ಗೆ ಮಾತು. ದಿನಾ ಎರಡು ಗಂಟೆ ನೋಡಿ ಬೆಳಿಗ್ಗೆ ಏಳಲಾಗದವನ ಕತೆ ಬೇರೆ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಮೊದಲನೆಯವನಿಗೆ ಅದರಿಂದಲೇ ಹಾನಿ.

ಎರಡು ಬೇರೆ ಬೇರೆ ಗಂಟು

ಜನ ಸಾಮಾನ್ಯವಾಗಿ ಹೀಗೆ ಅಂದುಕೊಳ್ಳುತ್ತಾರೆ: ಪೋರ್ನ್ ನೋಡಿದ್ದರಿಂದ ನಿಮಿರುವಿಕೆ ಹೋಯಿತು, ಬಿಟ್ಟರೆ ತಾನಾಗಿ ಬರುತ್ತದೆ. ಸಂಶೋಧನೆಗಳು ಇಷ್ಟು ಸರಳವಾಗಿ ಮಾತಾಡುವುದಿಲ್ಲ. ಸುಮ್ನೆ ನೋಡುವವರಲ್ಲಿ ನಿಮಿರುವಿಕೆಯ ತೊಂದರೆ ಜಾಸ್ತಿ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ‘ನನ್ನ ಕೈ ಮೀರಿದೆ’ ಅನ್ನುವವರಲ್ಲಿ ಎರಡೂ ಒಟ್ಟಿಗೆ ಕಾಣುವುದುಂಟು. ಆದರೆ ಯಾವುದು ಮೊದಲು ಬಂತು ಎಂದು ಹೇಳಲಾಗದು. ಹೆಂಡತಿಯ ಜೊತೆ ಆಗುವುದಿಲ್ಲ ಎಂದು ಹೆದರಿ ಫೋನಿಗೆ ಅಂಟಿಕೊಂಡವರೂ ಇರುತ್ತಾರೆ.

ಹಾಗಾಗಿ ಇಲ್ಲಿ ಎರಡು ಗಂಟಿವೆ. ಒಂದು, ನೋಡುವ ಅಭ್ಯಾಸ. ಇನ್ನೊಂದು, ದೇಹ ಕಲಿತ ಪಾಠ. ಫೋನು ನೋಡುತ್ತಾ ಹಸ್ತಮೈಥುನ ಮಾಡುವಾಗ ದೇಹಕ್ಕೆ ಕೆಲವು ಷರತ್ತು ರೂಢಿಯಾಗುತ್ತವೆ. ಬೆರಳಾಡಿಸಿದರೆ ಹೊಸ ದೃಶ್ಯ. ಬಿಗಿಯಾದ ಕೈ. ವೇಗ ಪೂರ್ತಿ ತನ್ನದೇ. ನೋಡುವವರು, ಕೇಳುವವರು ಯಾರೂ ಇಲ್ಲ. ಸಂಗಾತಿಯ ಜೊತೆ ಈ ಒಂದು ಷರತ್ತೂ ಪೂರೈಸುವುದಿಲ್ಲ. ಅಲ್ಲಿ ವೇಗ ಇಬ್ಬರದು, ಸ್ಪರ್ಶ ಮೆತ್ತಗೆ, ಜೊತೆಗೆ ಇನ್ನೊಬ್ಬರ ಮುಖ.

ಒಂದೆರಡು ಸಲ ಆಗದೆ ಹೋದರೆ ಮೂರನೆಯದೂ ಸೇರುತ್ತದೆ, ಭಯ. ‘ಇವತ್ತು ಆಗುತ್ತದಾ’ ಎಂದು ಆತ ತನ್ನನ್ನೇ ಪರೀಕ್ಷಕನ ಹಾಗೆ ಗಮನಿಸಲು ಶುರು ಮಾಡುತ್ತಾನೆ. ಭಯಪಟ್ಟಾಗ ದೇಹ ಅಡ್ರಿನಲಿನ್ ಬಿಡುತ್ತದೆ. ನಿಮಿರಬೇಕಾದರೆ ಶಿಶ್ನದ ಒಳಗಿನ ಸ್ನಾಯು ಸಡಿಲವಾಗಿ ರಕ್ತ ತುಂಬಬೇಕು. ಅಡ್ರಿನಲಿನ್ ಅದನ್ನೇ ಬಿಗಿ ಮಾಡುತ್ತದೆ. ಮನಸ್ಸು ಬೇಕು ಅಂದರೂ ದೇಹ ‘ಓಡು’ ಅನ್ನುವ ಸ್ಥಿತಿಯಲ್ಲಿರುತ್ತದೆ. ಫೋನು ಬಿಸಾಡಿದ ಮಾತ್ರಕ್ಕೆ ಈ ಭಯ ಹೋಗುವುದಿಲ್ಲ. ಇದಕ್ಕೆ ಬೇರೆಯೇ ಅಭ್ಯಾಸ ಬೇಕು, ಅದೂ ಸಂಗಾತಿಯ ಜೊತೆಯಲ್ಲೇ.

ಶನಿವಾರದ ಜೋಡಿ

ಲೆಕ್ಕ ಅರ್ಥವಾಗಲು ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ 31 ವರ್ಷ. ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ರಾತ್ರಿ ಒಂಬತ್ತಾದರೂ ಮನೆಗಿಲ್ಲ. ಹೆಂಡತಿ 27, ಚಿತ್ರದುರ್ಗದಲ್ಲಿ ನರ್ಸ್. ಅಲ್ಲೇ ಪಿ.ಜಿ.ಯಲ್ಲಿ ಇದ್ದು, ಶನಿವಾರ ಸಂಜೆ ಬಸ್ ಹತ್ತಿ ಬರುತ್ತಾಳೆ. ಸುಮಾರು 60 ಕಿಲೋಮೀಟರ್. ಸೋಮವಾರ ನಸುಕಿಗೆ ವಾಪಸ್. ಮದುವೆಯಾಗಿ 14 ತಿಂಗಳು. ಅತ್ತೆ ಆಗಲೇ ‘ಏನೂ ವಿಶೇಷ ಇಲ್ಲೇನಮ್ಮ’ ಎಂದು ಕೇಳಲು ಶುರು ಮಾಡಿದ್ದಾರೆ.

ವಾರದ ಐದು ರಾತ್ರಿ ಅವನ ಜೊತೆ ಫೋನು. ಆರನೆಯ ರಾತ್ರಿ ಹೆಂಡತಿ ಬಂದಾಗ ಪರೀಕ್ಷೆ. ವಾರಕ್ಕೆ ಒಂದೇ ಅವಕಾಶ, ಪಕ್ಕದ ಕೋಣೆಯಲ್ಲಿ ಅಮ್ಮ, ತಲೆಯಲ್ಲಿ ಮಗುವಿನ ಮಾತು. ನಾಲ್ಕು ತಿಂಗಳಿಂದ ಶನಿವಾರ ರಾತ್ರಿ ಅರ್ಧಕ್ಕೇ ನಿಲ್ಲುತ್ತಿದೆ. ಅವನು ತಿರುಗಿ ಮಲಗುತ್ತಾನೆ. ಅವಳು ಒಂದು ದಿನ ಕೇಳಿಯೇ ಬಿಟ್ಟಳು: ‘ನಾನು ನಿಮಗ ಇಷ್ಟ ಇಲ್ಲೇನ್ರಿ?’ ಅವನಿಗೆ ಉತ್ತರ ಹೊಳೆಯಲಿಲ್ಲ.

ಮೊದಲು ಮೂರು ಪ್ರಶ್ನೆ, ಆಮೇಲೆ ರಕ್ತ

ಎಲ್ಲದಕ್ಕೂ ಪೋರ್ನ್ ಕಾರಣ ಎಂದು ಹೊರಡುವುದು ಅಪಾಯ. ವೈದ್ಯರು ಮೊದಲು ಕೇಳುವುದು ಮೂರು ಪ್ರಶ್ನೆ. ಬೆಳಿಗ್ಗೆ ಎದ್ದಾಗ ನಿಮಿರಿರುತ್ತದಾ? ಒಬ್ಬರೇ ಇದ್ದಾಗ ವಿಡಿಯೊ ಇಲ್ಲದೆ ಆಗುತ್ತದಾ? ವಿಡಿಯೊ ಇದ್ದರೆ ಆಗುತ್ತದಾ?

ಮೂರಕ್ಕೂ ‘ಇಲ್ಲ, ಅಥವಾ ತುಂಬ ಕಡಿಮೆ’ ಎಂದು ಉತ್ತರ ಬಂದರೆ ದೇಹದ ಕಡೆ ನೋಡಬೇಕು. ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಹಾರ್ಮೋನ್ ಕೊರತೆ, ಕೆಲವು ಮಾತ್ರೆಗಳು. ಬೆಳಿಗ್ಗೆ ಸರಿ, ವಿಡಿಯೊ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದಾದರೆ ರೂಢಿಯ ಗಂಟು ದೊಡ್ಡದು. ಒಬ್ಬನೇ ಇದ್ದಾಗ ವಿಡಿಯೊ ಇಲ್ಲದೆಯೂ ಸರಿ, ಹೆಂಡತಿಯ ಜೊತೆ ಮಾತ್ರ ಇಲ್ಲ ಎಂದಾದರೆ ಭಯದ ಗಂಟು, ಕೆಲವೊಮ್ಮೆ ಸಂಬಂಧದ ಗಂಟು. ಈ ಮೂರರಿಂದಲೇ ಪೂರ್ತಿ ತೀರ್ಮಾನ ಆಗದು, ಆದರೆ ದಿಕ್ಕು ಗೊತ್ತಾಗುತ್ತದೆ.

ದಿಕ್ಕು ಯಾವುದೇ ಇರಲಿ, ಬಿಪಿ ನೋಡಿಸಿ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆಸೆಯೇ ಕಡಿಮೆಯಾಗಿದ್ದರೆ ಟೆಸ್ಟೋಸ್ಟೆರಾನ್ ಕೂಡ. ಅದಕ್ಕೆ ರಕ್ತವನ್ನು ಬೆಳಿಗ್ಗೆಯೇ ಕೊಡಬೇಕು, ಸಂಜೆಗೆ ಅದರ ಮಟ್ಟ ಇಳಿದಿರುತ್ತದೆ. ನಿಮಿರುವಿಕೆಯ ತೊಂದರೆ ಕೆಲವರಲ್ಲಿ ಹೃದಯದ ರಕ್ತನಾಳದ ಕಾಯಿಲೆಗೆ ಮುನ್ಸೂಚನೆ. ಗುಟ್ಕಾ, ಬೀಡಿ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆಸೆ ತಗ್ಗುತ್ತದೆ, ಸ್ಖಲನ ತಡವಾಗುತ್ತದೆ. ಹಾಗಂತ ತಾನಾಗಿ ನಿಲ್ಲಿಸಬಾರದು, ಕೊಟ್ಟ ವೈದ್ಯರನ್ನೇ ಕೇಳಬೇಕು.

ನಮ್ಮ ಗುಮಾಸ್ತನಿಗೆ ವರದಿ ಎಲ್ಲ ಸರಿ ಬಂತು ಅಂತಿಟ್ಟುಕೊಳ್ಳೋಣ. ಬೆಳಿಗ್ಗೆ ಸರಿ, ವಿಡಿಯೊ ಇದ್ದರೆ ಸರಿ, ಇಲ್ಲದಿದ್ದರೆ ಅರ್ಧಂಬರ್ಧ. ಅಂದರೆ ರೂಢಿಯ ಗಂಟು, ಭಯದ ಗಂಟು ಎರಡೂ ಇವೆ.

ಮೊದಲ ವಾರ: ಬಿಡುವುದಲ್ಲ, ಬರೆಯುವುದು

ಮೊದಲ ವಾರ ಏನನ್ನೂ ಬಿಡಬೇಕಿಲ್ಲ. ಪ್ರತಿ ಸಲ ನೋಡಿದಾಗ ನಾಲ್ಕು ವಿಷಯ ಬರೆಯಬೇಕು: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೂ ಹತ್ತು ನಿಮಿಷ ಮುಂಚೆ ಏನು ಮಾಡುತ್ತಿದ್ದೆ, ಏನನ್ನಿಸುತ್ತಿತ್ತು. ಲೆಕ್ಕ ಬರೆಯುವವನಿಗೆ ಇದು ಕಷ್ಟದ ಕೆಲಸವೇನಲ್ಲ. ವಾರದ ಕೊನೆಗೆ ಅವನ ಚೀಟಿಯಲ್ಲಿ ಒಂಬತ್ತು ಸಲ, ಒಟ್ಟು ಏಳು ಗಂಟೆ. ಒಂಬತ್ತರಲ್ಲಿ ಏಳು ಸಲ ರಾತ್ರಿ ಹನ್ನೊಂದರ ಮೇಲೆ, ಹಾಸಿಗೆಯಲ್ಲಿ, ಚಾರ್ಜರ್ ಚುಚ್ಚಿದ ಫೋನಿನಲ್ಲಿ. ಉಳಿದ ಎರಡು ಮಧ್ಯಾಹ್ನ, ಅಂಗಡಿ ಮಾಲೀಕ ಬೈದ ದಿನ.

ಈ ಚೀಟಿ ಇಲ್ಲದೆ ಕೇಳಿದ್ದರೆ ಅವನು ‘ಆಸೆ ತಡೆಯಲಾಗುತ್ತಿಲ್ಲ’ ಅನ್ನುತ್ತಿದ್ದ. ಚೀಟಿಯ ಕತೆ ಬೇರೆ. ಏಳು ಸಲ ಶುರುವಾಗಿದ್ದು ಆಸೆಯಿಂದಲ್ಲ. ನಿದ್ದೆ ಬಾರದೆ ರೀಲ್ಸ್ ನೋಡುತ್ತಾ ಇದ್ದವನು ಅಲ್ಲಿಂದ ಜಾರಿದ್ದು. ಎರಡು ಸಲ ಶುರುವಾಗಿದ್ದು ಅವಮಾನದಿಂದ. ಹಾಗಾದರೆ ತಡೆಯಬೇಕಾದ ಜಾಗವೂ ಅದೇ. ಆಸೆಯ ಜೊತೆ ಕುಸ್ತಿ ಆಡುವ ಮೊದಲು ಚಾರ್ಜರ್ ಜಾಗ ಬದಲಿಸಬೇಕು.

ಬೇಲಿ ಹಾಕುವುದು, ಮತ್ತು ಬೇಲಿಯ ಮಿತಿ

ಎರಡನೆಯ ವಾರದಿಂದ ಫೋನು ರಾತ್ರಿ ಹತ್ತೂವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ. ಅಲಾರಂಗೆ ಬೇರೆ ಗಡಿಯಾರ. ಇದೊಂದೇ ಬದಲಾವಣೆ ಏಳು ಸಲದಲ್ಲಿ ಎಷ್ಟನ್ನು ತಪ್ಪಿಸುತ್ತದೆ ಎಂದು ಆಮೇಲಿನ ಚೀಟಿಯೇ ತೋರಿಸುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಖರ್ಚಿಲ್ಲದೆ ಒಂದು ಬೇಲಿ ಹಾಕಬಹುದು. `Settings` ಒಳಗೆ `Private DNS` ಎಂದು ಹುಡುಕಿ, `Private DNS provider hostname` ಆರಿಸಿ, ಇದನ್ನು ಬರೆಯಬೇಕು:

```
family.cloudflare-dns.com
```

ವಯಸ್ಕರ ವೆಬ್‌ಸೈಟ್‌ಗಳಲ್ಲಿ ಹೆಚ್ಚಿನವು ಆಮೇಲೆ ತೆರೆಯುವುದಿಲ್ಲ. ಆದರೆ ಟೆಲಿಗ್ರಾಂ ಗುಂಪು, ಇನ್‌ಸ್ಟಾಗ್ರಾಂ, ಗೆಳೆಯರು ವಾಟ್ಸ್‌ಆ್ಯಪಿಗೆ ಕಳಿಸುವ ವಿಡಿಯೊಗಳನ್ನು ಇದು ತಡೆಯುವುದಿಲ್ಲ. ವಿಪಿಎನ್ ಹಾಕಿದರೆ ದಾಟಿಬಿಡಬಹುದು. ಸರ್ಕಾರದ ನಿಷೇಧಕ್ಕೂ ಇದೇ ಮಿತಿ. 827 ಮುಚ್ಚಿದರೆ ಬೇರೆ ವಿಳಾಸದಲ್ಲಿ ಮತ್ತೆ ತೆರೆದುಕೊಳ್ಳುತ್ತವೆ. ಬೇಲಿ ಮಾಡುವುದು ಒಂದೇ ಕೆಲಸ, ಕೈ ತಾನಾಗಿ ಹೋಗುವುದನ್ನು ಒಂದು ನಿಮಿಷ ತಡೆಯುವುದು. ಆ ಒಂದು ನಿಮಿಷದಲ್ಲಿ ಏನು ಮಾಡಬೇಕು ಎಂದು ಮೊದಲೇ ಗೊತ್ತಿರಬೇಕು.

ಚಟಗಳ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದಕ್ಕೆ ಅಲೆಯ ಹೋಲಿಕೆ ಕೊಟ್ಟಿದ್ದರು. ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದನ್ನು ಒತ್ತಿ ಹಿಡಿಯಲು ಹೋದರೆ ಬಲ ಜಾಸ್ತಿಯಾಗುತ್ತದೆ. ಎದೆಯಲ್ಲಿ, ಹೊಟ್ಟೆಯಲ್ಲಿ ಎಲ್ಲಿ ಏನಾಗುತ್ತಿದೆ ಎಂದು ಸುಮ್ನೆ ಗಮನಿಸುತ್ತಾ ಕೂತರೆ ಹೆಚ್ಚಿನ ಸಲ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಇದೇ ದಾರಿಯ, ತುಡಿತವನ್ನು ಒಪ್ಪಿಕೊಂಡೇ ಅದರ ಹಿಂದೆ ಹೋಗದಿರುವುದನ್ನು ಕಲಿಸುವ ಚಿಕಿತ್ಸೆಯೊಂದನ್ನು ಅಮೆರಿಕದಲ್ಲಿ 28 ಗಂಡಸರ ಮೇಲೆ ಪರೀಕ್ಷಿಸಿದರು. 12 ಭೇಟಿಗಳ ನಂತರ ನೋಡುವ ಸಮಯ ಶೇ 90ಕ್ಕಿಂತ ಜಾಸ್ತಿ ಇಳಿಯಿತು. ಸಂಖ್ಯೆ ಚಿಕ್ಕದು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ ಪೂರ್ತಿ ನಿಲ್ಲಿಸಿದವರು ಅರ್ಧದಷ್ಟು ಮಂದಿ ಮಾತ್ರ ಎಂಬುದು ಇನ್ನೂ ಉಪಯುಕ್ತ ಸಂಗತಿ. ಉಳಿದವರಲ್ಲೂ ಹೆಚ್ಚಿನವರು ನೋಡುವುದನ್ನು ತುಂಬ ಇಳಿಸಿದರು.

90 ದಿನದ ಲೆಕ್ಕ ಎಲ್ಲಿ ಕೈಕೊಡುತ್ತದೆ

ಯೂಟ್ಯೂಬಿನಲ್ಲಿ ಎಲ್ಲರೂ ಹೇಳುವುದು 90 ದಿನ. ಪೋರ್ನ್, ಹಸ್ತಮೈಥುನ ಎರಡೂ ಬಿಟ್ಟರೆ 91ನೇ ದಿನ ಮಿದುಳು ಹೊಸದಾಗುತ್ತದೆ ಅನ್ನುವ ಮಾತು. 90 ಎಂಬ ಅಂಕೆಗೆ ಗಟ್ಟಿ ಆಧಾರ ಇಲ್ಲ. ಕೆಲವರಿಗೆ ಅನುಕೂಲವಾಗಿರಬಹುದು, ಅಲ್ಲಗಳೆಯುವುದು ಬೇಡ. ತೊಂದರೆ ಇರುವುದು ಎಣಿಕೆಯಲ್ಲಿ. 23ನೇ ದಿನ ಒಮ್ಮೆ ಜಾರಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ‘ಹೇಗೂ ಹೋಯಿತಲ್ಲ’ ಎಂದು ಅದೇ ರಾತ್ರಿ ಮೂರು ಗಂಟೆ ನೋಡುತ್ತಾನೆ. ಮಾರ್ಲಟ್ ಕುಡಿತದಲ್ಲಿ ಗುರುತಿಸಿದ್ದೂ ಇದೇ ಜಾರುಬಂಡಿ.

ಇದರ ಬದಲು ವಾರದ ಮೊತ್ತ ಇಡುವುದು ವಾಸಿ. ಒಂಬತ್ತು ಇದ್ದದ್ದು ನಾಲ್ಕಾಯಿತು, ಎರಡಾಯಿತು, ಮತ್ತೆ ಮೂರಾಯಿತು. ಮೂರಾದ ವಾರ ಚೀಟಿ ನೋಡಿದರೆ ಕಾರಣ ಸಿಗುತ್ತದೆ. ಅಂಗಡಿಯಲ್ಲಿ ವರ್ಷದ ಲೆಕ್ಕ ಮುಗಿಸುವ ವಾರ ಅದು.

ಇಲ್ಲೊಂದು ಬಲೆ ಇದೆ. ಬಿಟ್ಟ ಮೊದಲ ಎರಡು ಮೂರು ವಾರ ಕೆಲವರಿಗೆ ಆಸೆಯೇ ಸತ್ತಂತೆ ಅನಿಸುತ್ತದೆ. ಹೆದರಿ ‘ಇನ್ನೂ ಕೆಲಸ ಮಾಡುತ್ತದಾ’ ಎಂದು ಪರೀಕ್ಷಿಸಲು ವಿಡಿಯೊ ಹಾಕುತ್ತಾರೆ. ಆಗುತ್ತದೆ ಅನ್ನಿ. ಆದರೆ ಆ ಪರೀಕ್ಷೆಯೇ ಹಳೆಯ ಪಾಠವನ್ನು ಮತ್ತೆ ಓದಿಸಿದಂತೆ.

ಹಸ್ತಮೈಥುನ ಪೂರ್ತಿ ಬಿಡಲೇಬೇಕೆಂದಿಲ್ಲ. ಅದರಿಂದ ಧಾತು ನಷ್ಟವಾಗಿ ದೇಹ ಸೊರಗುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಹೆದರಿಕೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಈ ಹೆದರಿಕೆಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ. ಬದಲಿಸಬೇಕಾದದ್ದು ರೀತಿ. ವಿಡಿಯೊ ಇಲ್ಲ, ಅದೇ ದೃಶ್ಯಗಳನ್ನು ತಲೆಯಲ್ಲಿ ಓಡಿಸುವುದೂ ಇಲ್ಲ. ಕೈಗೆ ಸ್ವಲ್ಪ ಎಣ್ಣೆ, ಹಗುರವಾದ ಹಿಡಿತ, ಅವಸರವಿಲ್ಲ. ಬಿಗಿ ಕೈಗೆ ಒಗ್ಗಿದವನಿಗೆ ಮೊದಮೊದಲು ಏನೂ ಅನಿಸುವುದಿಲ್ಲ. ಆಗ ಮತ್ತೆ ಬಿಗಿ ಮಾಡದೆ, ನಿಲ್ಲಿಸಿ ಎದ್ದುಬಿಡಬೇಕು. ಸ್ಖಲನವೇ ತಡವಾಗುವ ಗಂಡಸರಲ್ಲಿ ಈ ವಿಚಿತ್ರ ರೂಢಿಯ ಪಾತ್ರ ದೊಡ್ಡದು ಎಂದು ಲೈಂಗಿಕ ಚಿಕಿತ್ಸಕರು ಹೇಳುತ್ತಾರೆ. ನಮ್ಮ ಶನಿವಾರದ ಜೋಡಿಯ ಗಂಡ ಇದನ್ನು ವಾರದ ಮಧ್ಯೆ ಒಮ್ಮೆ ಮಾಡಿದರೆ ಸಾಕು. ಗುರುವಾರದ ನಂತರ ಬೇಡ.

ಹೆಂಡತಿಗೆ ಏನು ಹೇಳುವುದು

ಇದನ್ನು ಮುಚ್ಚಿಟ್ಟು ಮುಂದಿನ ಹೆಜ್ಜೆ ಇಡಲಾಗದು. ಅವಳ ಮನಸ್ಸಿನಲ್ಲಿ ಆಗಲೇ ಒಂದು ಕಾರಣ ಕೂತಿದೆ, ‘ನಾನು ಚೆನ್ನಾಗಿಲ್ಲ’ ಎಂದು. ನಿಜ ಹೇಳದಿದ್ದರೆ ಅದೇ ಉಳಿಯುತ್ತದೆ. ಹೇಳುವ ಸಮಯ ಹಾಸಿಗೆಯಲ್ಲಲ್ಲ, ಸೋತ ರಾತ್ರಿಯಂತೂ ಅಲ್ಲವೇ ಅಲ್ಲ. ಭಾನುವಾರ ಸಂಜೆ ಹೊರಗೆ ನಡೆಯುತ್ತಾ ಹೇಳುವುದು ಸುಲಭ. ಮುಖ ಮುಖ ನೋಡಬೇಕಿಲ್ಲ.

ಮಾತು ಚಿಕ್ಕದಿರಲಿ. ‘ಫೋನ್ನಾಗ ಅದನ್ನ ನೋಡೋದು ನನ್ನ ಕೈ ಮೀರಿತ್ತು. ನಿನ್ನಿಂದ ಅಲ್ಲ, ನೀನು ಬರೋಕಿಂತ ಮುಂಚಿನಿಂದ ಐತಿ. ಡಾಕ್ಟರ್ ಹತ್ರ ಹೋಗಿದ್ದೆ. ಎರಡು ತಿಂಗಳು ನಿನ್ನ ಸಹಾಯ ಬೇಕು.’ ಏನೇನು ನೋಡಿದೆ ಎಂಬ ವಿವರ ಬೇಡ. ಅದು ಅವಳ ತಲೆಯಲ್ಲಿ ಚಿತ್ರವಾಗಿ ಉಳಿಯುತ್ತದೆ. ಅವಳು ಸಿಟ್ಟಾಗಬಹುದು, ಎರಡು ವಾರ ಊರಿಗೆ ಬರದೆಯೂ ಇರಬಹುದು. ಅದು ಅವಳ ಹಕ್ಕು. ಸಹಾಯ ಮಾಡಲೇಬೇಕು ಎಂಬ ಋಣ ಅವಳ ಮೇಲಿಲ್ಲ.

ಒಪ್ಪಿದರೂ ಅವಳನ್ನು ಪೊಲೀಸ್ ಮಾಡಬಾರದು. ದಿನಾ ಫೋನು ತೋರಿಸುವ ವ್ಯವಸ್ಥೆ ಮೊದಲ ವಾರ ನೆಮ್ಮದಿ ಕೊಡುತ್ತದೆ, ಆಮೇಲೆ ಇಬ್ಬರಿಗೂ ಉಸಿರು ಕಟ್ಟುತ್ತದೆ. ತನ್ನನ್ನು ತಪಾಸಣೆ ಮಾಡುವವಳ ಮೇಲೆ ಆಸೆ ಹುಟ್ಟುವುದು ಕಷ್ಟ. ವಾರದ ಮೊತ್ತವನ್ನು ಅವನೇ ಹೇಳಲಿ, ಅಷ್ಟು ಸಾಕು. (ಇಲ್ಲಿ ಗಂಡನ ಉದಾಹರಣೆ ಕೊಟ್ಟಿದ್ದೇವೆ. ಹೆಂಗಸರಲ್ಲೂ ಈ ತೊಂದರೆ ಇದೆ, ಅವರಿಗೆ ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ.)

ಗುರಿ ಇಲ್ಲದ ಸ್ಪರ್ಶ

ಈಗ ಭಯದ ಗಂಟು. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕ ಜೋಡಿ 1970ರ ಹೊತ್ತಿಗೆ ರೂಪಿಸಿದ ಒಂದು ಅಭ್ಯಾಸವನ್ನು ಲೈಂಗಿಕ ಚಿಕಿತ್ಸಕರು ಈಗಲೂ ಬಳಸುತ್ತಾರೆ. ಅದರ ಮೊದಲ ನಿಯಮ ಕೇಳಿದರೆ ವಿಚಿತ್ರ ಅನಿಸುತ್ತದೆ: ಇಬ್ಬರೂ ಒಪ್ಪಿ ಸಂಭೋಗವನ್ನು ನಿಷೇಧಿಸಬೇಕು. ಕಾರಣ ಇಷ್ಟೇ. ಪರೀಕ್ಷೆಯೇ ಇಲ್ಲ ಎಂದರೆ ಫೇಲಾಗುವ ಭಯವೂ ಇಲ್ಲ. ಭಯ ಇಲ್ಲದಿದ್ದರೆ ಅಡ್ರಿನಲಿನ್ ಇಲ್ಲ.

ಮೂರನೆಯ ವಾರಾಂತ್ಯದಿಂದ ಶುರು ಮಾಡೋಣ. ಶನಿವಾರ ರಾತ್ರಿ ಬಸ್ಸಿನ ಆಯಾಸ ಇರುತ್ತದೆ, ಹಾಗಾಗಿ ಭಾನುವಾರ ಮಧ್ಯಾಹ್ನ. ಅತ್ತೆ ಬಸವಣ್ಣನ ಗುಡಿಗೋ ಮಗಳ ಮನೆಗೋ ಹೋಗುವ ಹೊತ್ತು ನೋಡಿಕೊಂಡರೆ ಇನ್ನೂ ವಾಸಿ. ಒಬ್ಬರು ಮಲಗಬೇಕು, ಇನ್ನೊಬ್ಬರು ಹದಿನೈದು ನಿಮಿಷ ಮುಟ್ಟಬೇಕು. ಆಮೇಲೆ ಅದಲು ಬದಲು. ಬೆನ್ನು, ಕೂದಲು, ಕೈ, ಪಾದ. ಸ್ತನ, ಜನನಾಂಗ ಬಿಟ್ಟು. ಮುಟ್ಟುವವರು ಎದುರಿನವರನ್ನು ಖುಷಿಪಡಿಸಲು ಹೋಗಬಾರದು. ಚರ್ಮ ಎಲ್ಲಿ ಬೆಚ್ಚಗಿದೆ, ಎಲ್ಲಿ ಒರಟು, ಒತ್ತಿದರೆ ಹೇಗೆ, ಇದಷ್ಟನ್ನೇ ಗಮನಿಸಬೇಕು. ಮನಸ್ಸು ‘ಆಗುತ್ತಿದೆಯಾ’ ಎಂದು ಕೆಳಗೆ ಓಡಿದಾಗ ಮತ್ತೆ ಬೆರಳ ತುದಿಗೆ ತರಬೇಕು. ಇದು ಎರಡು ವಾರಾಂತ್ಯ.

ಆಮೇಲಿನ ಎರಡು ವಾರಾಂತ್ಯ ಇಡೀ ದೇಹ. ಆದರೆ ನಿಮಿರಬೇಕು ಎಂಬ ಉದ್ದೇಶ ಈಗಲೂ ಇಲ್ಲ. ನಿಮಿರಿದರೆ ಬೇಕೆಂದೇ ಕೈ ಬೇರೆ ಕಡೆ ಒಯ್ದು ಇಳಿಯಲು ಬಿಡಬೇಕು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಈ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಇದೇ ಅನ್ನಿಸುತ್ತದೆ. ಭಯವಿದ್ದ ಗಂಡಸಿಗೆ ಇಳಿಯುವುದು ಅಂದರೆ ಮುಗಿದುಹೋಯಿತು. ಇಳಿದದ್ದು ಮತ್ತೆ ಬರುವುದನ್ನು ನಾಲ್ಕಾರು ಸಲ ತಾನೇ ಕಂಡ ಮೇಲೆ ಇಳಿಯುವಾಗ ಎದೆ ಹೊಡೆದುಕೊಳ್ಳುವುದಿಲ್ಲ.

ನಂತರದ ಎರಡು ಮೂರು ವಾರಾಂತ್ಯ ಹತ್ತಿರದ ಹಂತ. ಕೂಡಿದರೂ ಮೊದಲು ಅಲ್ಲಾಡದೆ ಸುಮ್ನೆ ಇರುವುದು, ಆಮೇಲೆ ನಿಧಾನ. ಎಣ್ಣೆ ಬಳಸುವುದಾದರೆ ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹರಿಯುತ್ತದೆ. ನೀರಿನ ಅಂಶದ ಜೆಲ್ ತರಬೇಕು. ಯಾವ ಹಂತದಲ್ಲಾದರೂ ಇಬ್ಬರಲ್ಲಿ ಒಬ್ಬರು ‘ಇವತ್ತು ಬೇಡ’ ಅಂದರೆ ಬೇಡ. ಮಗುವಿನ ಪ್ರಯತ್ನವನ್ನು ಈ ಎರಡು ತಿಂಗಳು ಪಕ್ಕಕ್ಕಿಡಬೇಕು. ದಿನ ಲೆಕ್ಕ ಹಾಕಿ ಕೂಡುವುದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ಎಡವುವುದು ಸಾಮಾನ್ಯವಾಗಿ ಎರಡನೆಯ ಹಂತದಲ್ಲಿ. ತಿಂಗಳುಗಟ್ಟಲೆ ಬಾರದ್ದು ಬಂತು ಎಂದ ಕೂಡಲೆ ‘ಕೈ ತಪ್ಪುವ ಮುಂಚೆ ಮುಗಿಸಿಬಿಡೋಣ’ ಎಂದು ನಿಯಮ ಮುರಿಯುತ್ತಾರೆ. ಅವಸರ, ಭಯ, ಮತ್ತೆ ಇಳಿತ. ಹಾಗಾದರೆ ಗಾಬರಿ ಬೇಡ, ಒಂದು ಹಂತ ಹಿಂದೆ ಹೋಗಿ ಒಂದು ವಾರಾಂತ್ಯ ಕಳೆಯಬೇಕು. ಇನ್ನು ಕೆಲವು ಹೆಂಡತಿಯರಿಗೆ ಈ ನಿಷೇಧವೇ ಹೊಸ ತಿರಸ್ಕಾರದ ಹಾಗೆ ಕಾಣುತ್ತದೆ. ಹಾಗಾಗಿ ನಿಯಮ ಯಾಕೆ ಎಂದು ಮೊದಲೇ ಇಬ್ಬರಿಗೂ ಗೊತ್ತಿರಬೇಕು. ಧೈರ್ಯಕ್ಕೆ ಎಂದು ಎರಡು ಪೆಗ್ ಹಾಕಿ ಬರುವುದು ಬೇಡ. ಮದ್ಯ ಭಯವನ್ನೂ ತಗ್ಗಿಸುತ್ತದೆ, ನಿಮಿರುವಿಕೆಯನ್ನೂ ತಗ್ಗಿಸುತ್ತದೆ.

ಗೋಡೆ ಬರಹದ ಡಾಕ್ಟರು ಮತ್ತು ಮೆಡಿಕಲ್ ಶಾಪಿನ ಮಾತ್ರೆ

ಬಸ್ ಸ್ಟ್ಯಾಂಡ್ ಸುತ್ತ ‘ಗುಪ್ತ ರೋಗ’ ಎಂದು ಗೋಡೆ ಬರಹ ಇರುತ್ತದೆ. ತಿಂಗಳಿಗೆ ಇಂತಿಂಥ ದಿನ ಲಾಡ್ಜಿನಲ್ಲಿ ಭೇಟಿ ಎಂದು ಚೀಟಿ ಹಂಚುವವರೂ ಇದ್ದಾರೆ. ಅಲ್ಲಿ ಕೊಡುವ ‘ಗಿಡಮೂಲಿಕೆ’ ಪುಡಿಯಲ್ಲಿ ಹೇಳದೆಯೇ ಸಿಲ್ಡೆನಾಫಿಲ್ ಬೆರೆಸಿರುವ ಉದಾಹರಣೆಗಳು ಹಲವು ದೇಶಗಳಲ್ಲಿ ಸಿಕ್ಕಿವೆ. ಸಿಲ್ಡೆನಾಫಿಲ್ ಕೆಟ್ಟ ಔಷಧವಲ್ಲ. ಭಯದ ಗಂಟು ಬಿಗಿಯಾಗಿದ್ದಾಗ ಕೆಲವು ವಾರ ಊರುಗೋಲಾಗಿ ವೈದ್ಯರೇ ಬರೆಯುವುದುಂಟು. ಆದರೆ ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇದನ್ನು ತಗೊಂಡರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ಪುಡಿಯಲ್ಲಿ ಏನಿದೆ ಎಂದೇ ಗೊತ್ತಿಲ್ಲದವನಿಗೆ ಈ ಎಚ್ಚರ ಹೇಗೆ ಬರಬೇಕು? ಇನ್ನೊಂದು ಮಾತು, ಮಾತ್ರೆ ರಕ್ತ ಹರಿಯಲು ಸಹಾಯ ಮಾಡುತ್ತದೆಯೇ ಹೊರತು ಆಸೆ ಹುಟ್ಟಿಸುವುದಿಲ್ಲ. ಫೋನಿನ ರೂಢಿಯನ್ನೂ ಬಿಡಿಸುವುದಿಲ್ಲ.

ಯಾರ ಬಳಿ ಹೋಗುವುದು

ಟೆಲಿ-ಮನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ಟಿನ ಅತಿ ಬಳಕೆಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ ಇದೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಾರಣ ಬಿಡಿಸಿ ಹೇಳಬೇಕಿಲ್ಲ, ‘ನಿದ್ದೆ ಸರಿ ಇಲ್ಲ, ಮನೋವೈದ್ಯರನ್ನ ನೋಡಬೇಕು’ ಅಂದರೆ ಸಾಕು. ಮಿಕ್ಕಿದ್ದು ಒಳಗೆ, ಬಾಗಿಲು ಹಾಕಿದ ಮೇಲೆ. ಖಿನ್ನತೆ, ಸಾಯುವ ಯೋಚನೆ, ಕುಡಿತ ಜೊತೆಗಿದ್ದರೆ ಈ ಹನ್ನೆರಡು ವಾರದ ಲೆಕ್ಕ ಶುರು ಮಾಡುವ ಮೊದಲೇ ಹೋಗಬೇಕು. ಎಂಟು ವಾರ ಕಳೆದರೂ ವಾರದ ಮೊತ್ತ ಇಳಿಯದಿದ್ದರೂ ಹೋಗಬೇಕು.

ನಮ್ಮ ಜೋಡಿಯ ಹನ್ನೆರಡನೆಯ ವಾರದ ಚೀಟಿ ಹೀಗಿರಬಹುದು. ನೋಡಿದ್ದು ಒಂದು ಸಲ, ಇಪ್ಪತ್ತು ನಿಮಿಷ, ಬುಧವಾರ ಮಧ್ಯಾಹ್ನ. ಕಳೆದ ನಾಲ್ಕು ವಾರಾಂತ್ಯದಲ್ಲಿ ಮೂರು ಸಲ ಸುಸೂತ್ರ, ಒಂದು ಸಲ ಅರ್ಧಕ್ಕೆ ನಿಂತಿತು. ನಿಂತ ಆ ಸಲ ಅವನು ಗೋಡೆ ಕಡೆ ತಿರುಗಿ ಮಲಗಲಿಲ್ಲ. ಇಬ್ಬರೂ ಎದ್ದು ಮಂಡಕ್ಕಿ ಕಲಸಿಕೊಂಡು ತಿಂದರು. ಅತ್ತೆಯ ಪ್ರಶ್ನೆಗೆ ಇನ್ನೂ ಆರು ತಿಂಗಳು ವಾಯಿದೆ ಕೇಳಿದ್ದಾರೆ. ಫೋನು ಈಗಲೂ ಅಡುಗೆಮನೆಯ ಕಟ್ಟೆಯ ಮೇಲೇ ಇದೆ.